ಹಸಿರು ಪರದೆಯ ಮೇಲೆ ಕೆಂಪು ಧೂಳು

ಗಣಿ ದುಡ್ಡು ಬಳ್ಳಾರಿಯ ತಲೆ ತಿರುಗಿಸಿದ್ದ ಕೊನೆಯ ವರ್ಷಗಳವು. ಜೀನ್ಸ್ ಪ್ಯಾಂಟ್ ಹೊಲಿಸಿ ಮಾರುವ ಧಣಿಯೊಬ್ಬನ ಗೋದಾಮಿನಲ್ಲಿ ನಾನು ಕಂಪ್ಯೂಟರ್ ಕೆಲಸಕ್ಕಿದ್ದೆ. ದಿನಾ ಕುರುಗೋಡಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಧಣಿ ಕೆಟ್ಟವನು. ಸುತ್ತಿ ಬಳಸಿ ಹೇಳುವಷ್ಟು ತಾಳ್ಮೆ ನನಗೀಗ ಇಲ್ಲ.

ಪ್ಯಾಂಟುಗಳ ಫೋಟೋ ವೆಬ್‌ಸೈಟಿಗೆ ಹೋಗಬೇಕಿತ್ತು. ಹಿಂದಿನ ಬಣ್ಣ ತೆಗೆದು ಪ್ಯಾಂಟನ್ನಷ್ಟೇ ಉಳಿಸುವ ಕೆಲಸ ಸಿರುಗುಪ್ಪದಿಂದ ಬರುವ, ನಾವೆಲ್ಲ ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದ ಹೆಂಗಸಿನದು. ಗಂಡ ತೀರಿಕೊಂಡಿದ್ದ. ಈ ಸಂಬಳದಲ್ಲೇ ಮಗಳು ಹಾಸ್ಟೆಲ್‌ನಲ್ಲಿದ್ದು ಓದುತ್ತಿದ್ದಳು. ಪ್ಯಾಂಟಿನ ಅಂಚಿನ ಸುತ್ತ ಮೌಸ್ ಎಳೆದೂ ಎಳೆದೂ ಆಪಾ ಅವರ ಮಣಿಕಟ್ಟು ಊದಿಕೊಂಡಿತ್ತು. ಸಂಜೆ ಹೊತ್ತಿಗೆ ಚಹಾದ ಲೋಟ ಎತ್ತಲೂ ಎಡಗೈ ಬೇಕಾಗುತ್ತಿತ್ತು.

ಅದನ್ನು ನೋಡಲಾಗದೆ ನಾನು ಪೈಥಾನ್‌ನಲ್ಲಿ, ಚಿತ್ರಗಳನ್ನು ತಿದ್ದಲು ನೆರವಾಗುವ ಓಪನ್‌ಸಿವಿ ಇಟ್ಟುಕೊಂಡು, ಆ ಕೆಲಸವನ್ನು ತಾನೇ ಮಾಡುವ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದೆ. ಫೋಟೋ ತೆಗೆಯುವಾಗ ಪ್ಯಾಂಟಿನ ಹಿಂದೆ ಮೊದಲಿದ್ದ ನೀಲಿ ಪರದೆ ತೆಗೆಸಿದೆ. ನೀಲಿ ಪ್ಯಾಂಟಿನ ಹಿಂದೆ ನೀಲಿ ಪರದೆ ಇದ್ದರೆ ಎರಡೂ ಒಟ್ಟಿಗೆ ಮಾಯವಾಗುತ್ತಿದ್ದವು. ಹಸಿರು ಬಟ್ಟೆ ಕಟ್ಟಿದೆವು. ಸ್ಕ್ರಿಪ್ಟು ಫೋಲ್ಡರಿನ ಫೋಟೋಗಳನ್ನು ಒಂದೊಂದಾಗಿ ತೆರೆದು, ನಾನು ಕೊಟ್ಟ ಬಣ್ಣದ ಎರಡು ಮಿತಿಗಳ ನಡುವಿನ ಹಸಿರನ್ನು ಹುಡುಕಿ, ಅಷ್ಟು ಜಾಗವನ್ನು ಪಾರದರ್ಶಕ ಮಾಡಿ, ಪಿಎನ್‌ಜಿ ಫೈಲಾಗಿ ಉಳಿಸುತ್ತಿತ್ತು. ಜೆಪಿಜಿಯಲ್ಲಿ ಪಾರದರ್ಶಕತೆ ನಿಲ್ಲುವುದಿಲ್ಲ. ಆಪಾ ಇಡೀ ದಿನ ಮಾಡುವ ಕೆಲಸ ಚಹಾ ಆರುವುದರೊಳಗೆ ಮುಗಿಯಿತು. ಆಪಾ ನನ್ನ ತಲೆ ಸವರಿ, "ನನ್ನ ಕೈ ಉಳಿಸಿದಿ ಬೇಟಾ" ಅಂದರು.

ಧಣಿ ಮಾತ್ರ ಕೇಳಿದ್ದು ಒಂದೇ ಪ್ರಶ್ನೆ. "ಅಂದ್ರ ಈಕಿಗೆ ಇನ್ನ ಏನು ಕೆಲಸ ಐತಿ?"

"ಬಂದ ಫೋಟೋ ಒಂದೊಂದೂ ನೋಡಬೇಕ್ರಿ ಧಣಿ. ಪರದೆ ಸ್ವಚ್ಛ ಇರಬೇಕ್ರಿ. ಅದಕ ಆಪಾ ಬೇಕು" ಎಂದೆ.

"ಹಂಗಾದ್ರ ಪರದೆ ಒಗೀಲಿ" ಅಂದ. ಕಂಪ್ಯೂಟರ್ ಮುಂದಿನ ಕುರ್ಚಿಯಿಂದ ಎಬ್ಬಿಸಿ ಆಪಾ ಅವರ ಕೈಗೆ ಸೋಪು ಕೊಟ್ಟ. ಊದಿದ ಆ ಕೈಯಲ್ಲೇ ಅವರು ದಿನಾ ಸಂಜೆ ಅಷ್ಟಗಲದ ಬಟ್ಟೆ ಒಗೆದು ಒಣಹಾಕುತ್ತಿದ್ದರು. ಒಗೆಯದೆ ಗತಿಯೂ ಇರಲಿಲ್ಲ. ಗೋದಾಮಿನ ಮುಂದೆಯೇ ಅದಿರಿನ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದವು. ಮೂಗು ಒರೆಸಿದರೆ ಕರ್ಚೀಫು ಕೆಂಪಾಗುತ್ತಿತ್ತು.

ಬೇಸಿಗೆಯಲ್ಲಿ ನಲ್ಲಿ ನಿಂತಿತು. "ಟ್ಯಾಂಕರ್ ನೀರು ನನ್ನ ಕಾರು ತೊಳ್ಯಾಕ ಐತಿ, ಪರದೆ ಹಂಗ ಇರ್ಲಿ" ಎಂದು ಧಣಿ ಒಗೆಯುವುದನ್ನು ನಿಲ್ಲಿಸಿದ. ಆಪಾ ಒಣ ಬಟ್ಟೆಯಿಂದ ಕೊಡವಿ ನೋಡಿದರು. ಧೂಳು ನೂಲಿನೊಳಗೆ ಇಳಿದಿತ್ತು.

ವಾರದೊಳಗೆ ಫೋಟೋಗಳು ಕೆಟ್ಟವು. ಧೂಳು ಕೂತ ಕಡೆ ಹಸಿರು ಕಂದು ಬಣ್ಣಕ್ಕೆ ತಿರುಗಿ, ನನ್ನ ಮಿತಿಯಿಂದ ಆಚೆ ಹೋಗಿ, ಸ್ಕ್ರಿಪ್ಟು ಅದನ್ನೂ ಪ್ಯಾಂಟೆಂದೇ ಉಳಿಸಿಕೊಂಡಿತು. ಪ್ಯಾಂಟಿನ ಕಾಲಿಗೆ ಕಜ್ಜಿ ಹತ್ತಿದ ಹಾಗೆ ಕಾಣುತ್ತಿತ್ತು. ಕಂದು ಬಣ್ಣವೂ ಅಳಿಯಲಿ ಎಂದು ಮಿತಿ ಹಿಗ್ಗಿಸಿದೆ. ಕಲೆ ಹೋಯಿತು, ಜೊತೆಗೆ ಜೀನ್ಸಿನ ಕಂದು ದಾರದ ಹೊಲಿಗೆ, ಸೊಂಟದ ಚರ್ಮದ ಪಟ್ಟಿ ಎಲ್ಲವೂ ಹೋದವು. ಹೊಲಿಗೆ ಬಿಚ್ಚಿದಂತೆ ಕಾಣುವ ಪ್ಯಾಂಟನ್ನು ಯಾರು ಕೊಳ್ಳುತ್ತಾರೆ? ಮಿತಿಯನ್ನು ಮೊದಲಿನಂತೆಯೇ ಮಾಡಿದೆ.

ಧಣಿ ಹೊಲಿಯುವವರನ್ನೆಲ್ಲ ಕರೆದು ನಿಲ್ಲಿಸಿ, ಅವರೆದುರಿಗೇ ಆಪಾ ಅವರ ಮೇಲೆ ಕೂಗಾಡಿದ. "ಮಷೀನು ನಿನ್ನ ಕೆಲಸ ಕಸಗೊಂಡಿತಂತ ಹೊಟ್ಟೆಕಿಚ್ಚು. ಬೇಕಂತ ಪರದಿ ಹೊಲಸು ಮಾಡಿದಿ. ನಾಳಿಂದ ಬರಬ್ಯಾಡ."

"ಮಗಳ ಪರೀಕ್ಷಿ ಮುಗಿಯೂ ತನಕ ಇಟ್ಕೋರಿ ಧಣಿ. ಒಗಿಯಾಕ ನೀವ ಬ್ಯಾಡ ಅಂದಿದ್ರಿ" ಎಂದರು ಆಪಾ.

ನಾನು ಪರದೆಗೆ ಬೆರಳು ಉಜ್ಜಿ, ಕೆಂಪಾದ ಬೆರಳನ್ನು ಧಣಿಯ ಮುಖದ ಮುಂದೆ ಹಿಡಿದೆ. "ಇದು ಲಾರಿ ಧೂಳ್ರಿ. ಆಪಾ ಏನ್ ಮಾಡ್ಯಾರ?"

ಅವನು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ನಕ್ಕ. "ಗೊತ್ತೈತಲೇ. ಆ ಲಾರಿ ನಮ್ಮಣ್ಣನವು. ಅವನ್ನ ನಿಲ್ಲಿಸ್ಲೇನು?" ಆಮೇಲೆ ಆಪಾ ಅವರ ಕಡೆ ತಿರುಗಿ, "ಹೋಗೂ ಮುಂದ ಪರದಿ ಒಗದು ಹೋಗು. ಟ್ಯಾಂಕರ್ ಬಂದೈತಿ" ಎಂದ.

ಆಪಾ ಒಗೆದರು. ನಾನು ಹಿಂಡಲು ಹೋದರೆ ಬೇಡವೆಂದರು. ನೀರು ತಿಳಿಯಾಗುವ ತನಕ ಜಾಲಿಸಿ, ಸುಕ್ಕಿಲ್ಲದಂತೆ ಕಟ್ಟಿ, ಬುರ್ಖಾ ಸರಿಪಡಿಸಿಕೊಂಡು ಸಿರುಗುಪ್ಪದ ಬಸ್ಸಿಗೆ ಹೋದರು.

ಮರುದಿನ ಅದೇ ಪರದೆಯ ಮುಂದೆ ಹೊಸ ಫೋಟೋ ತೆಗೆದು ಸ್ಕ್ರಿಪ್ಟು ಓಡಿಸಿದೆ. ಒಂದು ಕಲೆಯೂ ಇರಲಿಲ್ಲ. ಧಣಿ ಹೊಲಿಯುವವರನ್ನು ಮತ್ತೆ ಕರೆದು, ಪರದೆಯ ಹತ್ತಿರ ನಿಂತು, ಕಂಪ್ಯೂಟರ್ ಕಡೆ ಕೈ ಮಾಡಿದ.

"ನೋಡ್ರಿ, ಆಕಿ ಹೋದ ಕೂಡ್ಲೇ ಎಷ್ಟು ಸ್ವಚ್ಛ ಬಂದಾವು."