ಕಿವಿಯನ್ನು ನಂಬಿದ ಹಲೋ ಮಾಮ

ಆಸ್ಪತ್ರೆಯ ನೆಲಮಹಡಿಯಲ್ಲಿ, ಲಿಫ್ಟಿಗೂ ಔಷಧಿ ಅಂಗಡಿಗೂ ನಡುವೆ ಸಿಕ್ಕಿಕೊಂಡ ಒಂದು ಕೋಣೆಯಿದೆ. ಅದಕ್ಕೆ ಕಿಟಕಿಯಿಲ್ಲ. ಇದ್ದಿದ್ದರೂ ಅಲ್ಲಿ ಕೂರುವವರಿಗೆ ಅದರಿಂದ ಆಗಬೇಕಾದದ್ದೇನೂ ಇರಲಿಲ್ಲ. ಹುಟ್ಟಿನಿಂದಲೇ ಕಣ್ಣಿಲ್ಲದ ಟೆಲಿಫೋನ್ ಆಪರೇಟರ್ ಒಬ್ಬರು ಅಲ್ಲಿ ಕೂತು, ಹೊರಗಿನಿಂದ ಬಂದ ಕರೆಗಳನ್ನು ವಾರ್ಡುಗಳಿಗೆ ಜೋಡಿಸುತ್ತಾರೆ. ಆಯಾಗಳಿಂದ ಹಿಡಿದು ದೊಡ್ಡ ಡಾಕ್ಟರರವರೆಗೆ ಎಲ್ಲರಿಗೂ ಅವರು ಹಲೋ ಮಾಮ.

ಹಲೋ ಮಾಮನ ಕಿವಿಯ ಬಗ್ಗೆ ಆಸ್ಪತ್ರೆಯಲ್ಲಿ ದಂತಕಥೆಗಳೇ ಇದ್ದವು. ಉಸಿರು ಕೇಳಿದರೆ ಸಾಕು, ಅತ್ತ ಕಡೆಯವರು ಅಳುವವರೋ ಬೈಯುವವರೋ ಎಂದು ಹೇಳುತ್ತಿದ್ದರು. ರಜೆ ಕೇಳಲು ಫೋನ್ ಮಾಡಿದ ನರ್ಸು ಕೆಮ್ಮಿದರೆ, "ಇದು ಗಂಟಲಿನ ಕೆಮ್ಮಲ್ಲಮ್ಮ, ನೆಪದ ಕೆಮ್ಮು" ಎಂದು ನಗಿಸಿಯೇ ಲೈನು ಕೊಡುತ್ತಿದ್ದರು. ಈ ಹೆಮ್ಮೆ ಅವರಿಗೆ ಸ್ವಲ್ಪ ಜಾಸ್ತಿಯೇ ಇತ್ತು ಅನ್ನಿ. ಇರಲಿ, ಕಣ್ಣಿದ್ದವರು ತಮ್ಮ ಕಣ್ಣಿನ ಬಗ್ಗೆ ಪಡುವ ಹೆಮ್ಮೆಗಿಂತ ಇದೇನೂ ದೊಡ್ಡದಲ್ಲ.

ಅವರ ಹೆಂಡತಿಗೂ ಕಣ್ಣಿಲ್ಲ. ಅದೇ ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಒಗೆದು ಬಂದ ಹಾಸಿಗೆ ಬಟ್ಟೆಗಳನ್ನು ಮಡಿಸುತ್ತಾರೆ, ಹರಿದದ್ದನ್ನು ಬೆರಳಿನಲ್ಲೇ ಪತ್ತೆಹಚ್ಚಿ ಬದಿಗಿಡುತ್ತಾರೆ. ಇಬ್ಬರೂ ಇದ್ದದ್ದು ಹಲೋ ಮಾಮನ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ. ಅಣ್ಣ ಕೆಟ್ಟವರೇನಲ್ಲ. ತಮ್ಮನ ಸಂಬಳ ಬಂದ ದಿನ ಬ್ಯಾಂಕಿಗೆ ಕರೆದುಕೊಂಡು ಹೋಗಿ ದುಡ್ಡು ತೆಗೆಸಿ, ಕೈಖರ್ಚಿಗೆ ಇಷ್ಟು ಎಂದು ಎಣಿಸಿ ಕೊಟ್ಟು, ಉಳಿದದ್ದನ್ನು ಪ್ರಾಮಾಣಿಕವಾಗಿ ಖಾತೆಯಲ್ಲೇ ಬಿಡುತ್ತಿದ್ದರು. ಆದರೆ ಹೆಂಡತಿಗೊಂದು ಚಪ್ಪಲಿ ಬೇಕೆಂದರೂ ಅಣ್ಣನ ಮುಂದೆ ಬಾಯಿ ಬಿಡಬೇಕಿತ್ತು. ಅಣ್ಣ ಇಲ್ಲವೆನ್ನುತ್ತಿರಲಿಲ್ಲ. "ಈಗಿರೋದು ಸವೆದಿದ್ಯಾ?" ಎಂದು ಕೇಳುತ್ತಿದ್ದರು, ಅಷ್ಟೇ. ಆ ಒಂದು ಪ್ರಶ್ನೆ ಹಲೋ ಮಾಮನನ್ನು ಒಳಗೊಳಗೇ ತಿನ್ನುತ್ತಿತ್ತು.

ಆಮೇಲೆ ಮಾತಾಡುವ ಫೋನು ಬಂತು. ಪರದೆಯ ಮೇಲೆ ಏನಿದೆಯೋ ಅದನ್ನೆಲ್ಲ ಓದಿ ಹೇಳುವ ಫೋನು. ಬೆರಳು ಸರಿಸಿದ ಕಡೆಯೆಲ್ಲ ಅದು ಕಿವಿಯೊಳಗೆ ಪಿಸುಗುಟ್ಟುತ್ತಿತ್ತು. ಹಲೋ ಮಾಮ ಇಯರ್‌ಫೋನ್ ಹಾಕಿಕೊಂಡು ಕಲಿತರು, ತಮ್ಮ ಖಾತೆಗೆ ತಾವೇ ಪಿನ್ ಇಟ್ಟುಕೊಂಡರು. ಮೊದಲ ಸಲ ಅಂಗಡಿಯಲ್ಲಿ ಫೋನಿನಿಂದಲೇ ದುಡ್ಡು ಕೊಟ್ಟು ಹೆಂಡತಿಗೆ ಚಪ್ಪಲಿ ಕೊಡಿಸಿದ ದಿನ, ಇಬ್ಬರೂ ಬಸ್ಸಿನಲ್ಲಿ ಹುಚ್ಚರ ಹಾಗೆ ನಕ್ಕರಂತೆ.

ಮುಂದಿನ ಆಸೆ ಹುಟ್ಟಲು ಎಷ್ಟು ಹೊತ್ತು? ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಸಿಕ್ಕಿತು. ಮನೆಯೊಡತಿ ವಿಧವೆ, ಮಾತಿನಲ್ಲಿ ಖಡಕ್ಕು. "ಮುಂಗಡ ಪೂರ್ತಿ ಕೊಟ್ಟು ಬೀಗದ ಕೈ ತಗೊಳ್ಳಿ. ಈಗ ಸ್ವಲ್ಪ ಹಾಕಿದ್ರೆ ಬೇರೆಯವರಿಗೆ ತೋರ್ಸಲ್ಲ" ಎಂದರು. ಇಬ್ಬರೂ ವರ್ಷಗಟ್ಟಲೆ ಕೂಡಿಟ್ಟದ್ದು ಮುಂಗಡಕ್ಕೆ ಸರಿಯಾಗಿ ಸಾಕಾಗುತ್ತಿತ್ತು. ಹಲೋ ಮಾಮ ಅದರಲ್ಲಿ ಸ್ವಲ್ಪವನ್ನು ಅಲ್ಲೇ ಫೋನಿನಲ್ಲಿ ಕಳಿಸಿದರು. ಖಾತೆಯಿಂದ ದುಡ್ಡು ಹೋಯಿತು. ಆಕೆಗೆ ಮುಟ್ಟಲಿಲ್ಲ. "ಪಾವತಿ ಪ್ರಕ್ರಿಯೆಯಲ್ಲಿದೆ" ಎಂದಿತು ಫೋನು.

ಇಂಥದ್ದು ತಾನಾಗಿಯೇ ವಾಪಸು ಬರುತ್ತದೆ, ಒಂದೆರಡು ದಿನ ಸುಮ್ಮನಿದ್ದರೆ ಸಾಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಮರುದಿನ ಊಟದ ವಿರಾಮದಲ್ಲಿ ತಮ್ಮ ಕೋಣೆಯಲ್ಲೇ ಕೂತು, ದುಡ್ಡು ಕಳಿಸುವ ಆ್ಯಪಿನ ಕಸ್ಟಮರ್ ಕೇರ್ ನಂಬರ್ ಹುಡುಕು ಎಂದು ಫೋನಿಗೇ ಹೇಳಿದರು. ಅಂತರ್ಜಾಲದಲ್ಲಿ ಯಾರು ಯಾವ ನಂಬರನ್ನಾದರೂ ಯಾರ ಹೆಸರಿನಲ್ಲಾದರೂ ಹಾಕಬಹುದು. ಮೊದಲು ಸಿಕ್ಕಿದ ನಂಬರಿಗೆ ಮಾಮ ಫೋನ್ ಮಾಡಿದರು.

ಇಲ್ಲಿಯೇ ಅವರ ಕಿವಿ ಅವರಿಗೆ ಕೈಕೊಟ್ಟದ್ದು. ಅತ್ತ ಕಡೆ ಮೊದಲು ಮೆಲುವಾದ ಸಂಗೀತ. ಆಮೇಲೆ ಹಿಂದೆಲ್ಲೋ ಹತ್ತಾರು ಜನ ಮಾತಾಡುವ ಗುಜುಗುಜು, ಕೀಬೋರ್ಡಿನ ಟಕಟಕ. ಬದುಕೆಲ್ಲ ಫೋನಿನ ಮುಂದೆ ಕೂತ ಮಾಮನಿಗೆ ಅದು ತಮ್ಮ ಕಸುಬಿನವರ ಸದ್ದು. ಆಮೇಲೆ ಬಂದ ಗಂಡಸಿನ ದನಿಯಲ್ಲಿ ಆತುರವಿಲ್ಲ, ಬೆಣ್ಣೆ ಹಚ್ಚುವ ಮಾತಿಲ್ಲ. ದಿನವಿಡೀ ಕೆಲಸ ಮಾಡಿ ದಣಿದ ಮರ್ಯಾದಸ್ಥ ದನಿ. ಇವನು ಒಳ್ಳೆಯವನು ಎಂದು ಮಾಮ ಆಗಲೇ ತೀರ್ಪು ಕೊಟ್ಟುಬಿಟ್ಟರು.

"ಸರ್, ನನಗೆ ಕಣ್ಣು ಕಾಣಲ್ಲ. ನಿಧಾನವಾಗಿ ಹೇಳಿ."

"ಅಯ್ಯೋ, ತೊಂದ್ರೆ ಇಲ್ಲ ಸಾರ್. ನಾನೇ ನಿಮ್ಮ ಸ್ಕ್ರೀನ್ ನೋಡಿ ಹೇಳ್ತೀನಿ. ಒಂದು ಆ್ಯಪ್ ಹಾಕ್ಕೊಳ್ಳಿ, ನನಗೆ ಕಾಣಿಸುತ್ತೆ."

ಕಣ್ಣಿದ್ದವರು ಈ ಮಾತಿಗೆ ಒಂದು ಗಳಿಗೆ ಹಿಂಜರಿದಾರು. ಮಾಮನಿಗೆ ಅದರಲ್ಲಿ ಹೊಸತೇನೂ ಇರಲಿಲ್ಲ. ಚೀಟಿ, ಔಷಧಿ ಡಬ್ಬಿ, ಬಸ್ಸಿನ ಬೋರ್ಡು, ಎಲ್ಲವನ್ನೂ ಬೇರೆಯವರ ಕಣ್ಣಿಂದ ಓದಿಸಿಕೊಂಡೇ ಅವರು ಬದುಕಿದ್ದು. ಆ್ಯಪ್ ಹಾಕಿಕೊಂಡರು. ಅದು ಕೊಟ್ಟ ಸಂಖ್ಯೆಯನ್ನು ಅವನಿಗೆ ಓದಿ ಹೇಳಿದರು. ಪರದೆಯ ಮೇಲೆ ಕಾಣುವ ಎಲ್ಲ ಮಾಹಿತಿಯೂ ಈ ಆ್ಯಪಿಗೆ ಸಿಗುತ್ತದೆ ಎಂದು ಫೋನು ಎಚ್ಚರಿಸಿತು. "ಹೀಗನ್ನುತ್ತಲ್ಲ?" ಎಂದು ಮಾಮ ಕೇಳಿದರು ಕೂಡ.

"ಎಲ್ಲರಿಗೂ ಹಾಗೇ ಅನ್ನುತ್ತೆ ಸಾರ್. ಶುರು ಮಾಡಿ ಅನ್ನೋದನ್ನ ಒತ್ತಿ. ಇಯರ್‌ಫೋನ್ ತೆಗೆದ್ರೆ ನನಗೂ ಕೇಳಿಸುತ್ತೆ, ಕೆಲ್ಸ ಬೇಗ ಆಗುತ್ತೆ."

ಮಾಮ ಇಯರ್‌ಫೋನ್ ತೆಗೆದಿಟ್ಟರು.

ರೀಫಂಡ್ ಬರುತ್ತದೆ, ಒಪ್ಪಿಕೊಂಡು ಪಿನ್ ಹಾಕಿ ಎಂದ ಅವನು. ಬಂದದ್ದು ದುಡ್ಡು ಕೇಳುವ ಕೋರಿಕೆ. ಮೇಲೆ "ರೀಫಂಡ್ ವಿಭಾಗ" ಎಂಬ ಹೆಸರು, ಕೆಳಗೆ "ಪಾವತಿಸಿ". ಫೋನು ಎರಡನ್ನೂ ಓದಿತು.

"ಪಾವತಿಸಿ ಅಂತಿದೆಯಲ್ಲ ಸರ್?"

"ನಾವು ನಿಮಗೆ ಪಾವತಿಸ್ತಾ ಇದ್ದೀವಲ್ಲ, ಅದಕ್ಕೆ."

ಪಿನ್ ಒತ್ತಿದರು. ಆಮೇಲೆ ಅವನು ಖಾತೆ ಸರಿಯಿದೆಯೇ ಎಂದು ನೋಡಲು ಕಾರ್ಡಿನ ಸಂಖ್ಯೆಗಳನ್ನು ಕೇಳಿದ. ನೆನಪಿನಲ್ಲಿದ್ದದ್ದನ್ನೆಲ್ಲ ಮಾಮ ಹೇಳಿದರು. ಒಂದರ ಹಿಂದೊಂದು ಮೆಸೇಜು ಬಂತು. ಒಮ್ಮೆ ಮಾತ್ರ ಬಳಸುವ ಗುಟ್ಟಿನ ಸಂಖ್ಯೆಗಳನ್ನು ಫೋನು ಕೋಣೆ ತುಂಬ ಕೇಳುವಂತೆ ಓದಿತು, ಪರದೆಯ ಮೇಲೂ ತೋರಿಸಿತು. ಅವನಿಗೆ ಬೇರೇನು ಬೇಕಿತ್ತು? ಕೊನೆಗೆ ಖಾತೆಯಿಂದ ಹೋದ ಮೊತ್ತವನ್ನೂ ಫೋನು ಓದಿತು. "ಸರ್, ದುಡ್ಡು ಹೋಗ್ತಾ ಇದೆಯಲ್ಲ!" ಎಂದರು ಮಾಮ. ಲೈನು ಇನ್ನೂ ಇತ್ತು, ಆದರೆ ಆ ಮರ್ಯಾದಸ್ಥ ದನಿ ಮಾಯವಾಯಿತು. ಹಿಂದಿನ ಗುಜುಗುಜು ಕೂಡ ಟಕ್ಕನೆ ನಿಂತಿತು. ಅದು ಬರೀ ಧ್ವನಿಮುದ್ರಣ.

ಆಗಲೇ ಬ್ಯಾಂಕಿಗೋ ಸೈಬರ್ ಸಹಾಯವಾಣಿಗೋ ಫೋನ್ ಮಾಡಿದ್ದರೆ ಒಂದಷ್ಟಾದರೂ ಉಳಿಯುತ್ತಿತ್ತೇನೋ. ಮಾಡಲಿಲ್ಲ. ಅಣ್ಣನಿಗೆ ಗೊತ್ತಾದರೆ ಎಂಬ ನಾಚಿಕೆ ಬಾಯಿ ಕಟ್ಟಿತು. ಸಂಜೆಯವರೆಗೂ "ಹಲೋ, ಯಾವ ವಾರ್ಡು?" ಎನ್ನುತ್ತ ಕೂತಿದ್ದರು. ದನಿ ನಡುಗುತ್ತಿದ್ದದ್ದು ಯಾರಿಗೂ ತಿಳಿಯಲಿಲ್ಲ. ಅವರ ಕಿವಿಯಂಥ ಕಿವಿ ಬೇರೆ ಯಾರಿಗೂ ಇರಲಿಲ್ಲವಲ್ಲ! ಎರಡು ದಿನ ಬಿಟ್ಟು ಹೆಂಡತಿಯೇ ಕೇಳಿದರು, "ರೀ, ಬೀಗದ ಕೈ ಯಾವತ್ತು ತರೋದು?" ಮಾಮ ಅಳುತ್ತ ಎಲ್ಲವನ್ನೂ ಹೇಳಿದರು. ಹೆಂಡತಿ ಒಂದು ಮಾತೂ ಬೈಯಲಿಲ್ಲ.

ಅಣ್ಣನಿಗೂ ಹೇಳಲೇಬೇಕಾಯಿತು. ಪೊಲೀಸರಿಗೆ ದೂರು ಕೊಟ್ಟದ್ದಾಯಿತು. ಆಮೇಲೆ ಮೂವರೂ ಬ್ಯಾಂಕಿಗೆ ಹೋದರು. ಅಧಿಕಾರಿಣಿ ವಯಸ್ಸಿನಲ್ಲಿ ಚಿಕ್ಕವಳು. ಕೇಳುವುದನ್ನೆಲ್ಲ ಅಣ್ಣನ ಬದಲು ಮಾಮನನ್ನೇ ಕೇಳಿದಳು. ಅದಕ್ಕಾದರೂ ಅವಳಿಗೆ ಪುಣ್ಯ ಬರಲಿ. ಕಾರ್ಡು ನಿಲ್ಲಿಸಿದಳು, ಆ ಆ್ಯಪನ್ನು ಅವರ ಕೈಯಿಂದಲೇ ತೆಗೆಸಿದಳು, ಹೊಸ ಪಿನ್ ಹಾಕಿಸಿದಳು.

"ಮಾಮ, ದುಡ್ಡು ಕೊಡೋಕೆ ಮಾತ್ರ ಪಿನ್ ಬೇಕು. ತಗೊಳ್ಳೋಕೆ ಬೇಡವೇ ಬೇಡ. ಪಾವತಿಸಿ ಅಂದ್ರೆ ಹೋಗೋದೇ, ಯಾರ ಹೆಸರಲ್ಲಿ ಬಂದ್ರೂ. ಸ್ಕ್ರೀನ್ ನೋಡ್ತೀನಿ ಅನ್ನೋ ಆ್ಯಪ್ ಹಾಕಿ ಅಂತ ಯಾವ ಬ್ಯಾಂಕಿನೋರೂ ಹೇಳಲ್ಲ. ನಂಬರ್ ಹುಡುಕೋಕೆ ಹೋಗ್ಬೇಡಿ, ನಮ್ಮದನ್ನ ಈಗಲೇ ನಿಮ್ಮ ಫೋನಿಗೆ ಸೇರಿಸ್ತೀನಿ. ಮೋಸ ಅಂತ ಗೊತ್ತಾದ ತಕ್ಷಣ ಫೋನ್ ಮಾಡಿ, ನಾಚ್ಕೋಬೇಡಿ. ಇಲ್ಲಿಗೆ ಪ್ರೊಫೆಸರುಗಳೂ ಅತ್ಕೊಂಡು ಬಂದಿದ್ದಾರೆ."

ಮನೆಯೊಡತಿಗೆ ಕಳಿಸಿದ್ದ ಆ ಸ್ವಲ್ಪ ದುಡ್ಡು ತಾನಾಗಿಯೇ ಖಾತೆಗೆ ವಾಪಸು ಬಂದು ಕೂತಿತ್ತು. ಈಗ ಖಾತೆಯಲ್ಲಿ ಇದ್ದದ್ದು ಅದೊಂದೇ.

ಅಣ್ಣ ಗಂಟಲು ಸರಿಮಾಡಿಕೊಂಡರು. "ಜಂಟಿ ಖಾತೆ ಮಾಡ್ಬಿಡಿ ಮೇಡಂ. ನಾನೂ ಇವನೂ ಇಬ್ಬರೂ ಸಹಿ ಹಾಕಿದ್ರೇ ದುಡ್ಡು ಬರೋ ಹಾಗೆ. ಫೋನಿಂದು ನಿಲ್ಲಿಸಿಬಿಡಿ. ಲೋ ತಮ್ಮಾ, ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

"ಅದರ ಅಗತ್ಯ ಇಲ್ಲ" ಎಂದಳು ಅಧಿಕಾರಿಣಿ. "ದಿನಕ್ಕೆ ಇಷ್ಟೇ ಅಂತ ಮಿತಿ ಹಾಕ್ಕೊಂಡು ಅವರೇ ನೋಡ್ಕೋಬಹುದು. ನೀವೇ ಹೇಳಿ ಮಾಮ."

ಮಾಮ ಹೆಂಡತಿಯ ಕಡೆ ತಿರುಗಿದರು. "ಏನಂತೀಯೇ?"

ಯಾವತ್ತೂ ಥಟ್ಟನೆ ಉತ್ತರ ಕೊಡುವ ಹೆಂಡತಿ ಸುಮ್ಮನಿದ್ದರು. ಆಕೆ ಉಸಿರು ಒಳಗೆ ಎಳೆದುಕೊಂಡು ಅಲ್ಲೇ ತಡೆದದ್ದು ಮಾಮನಿಗೆ ಕೇಳಿಸಿತು. ಲೈನಿನಲ್ಲಿ ಇಂಥ ಮೌನವನ್ನು ಅವರು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದರು. ನಂಬಿಕೆ ಹೋದವರು, ಹೇಳಲು ಮನಸ್ಸು ಬಾರದೆ ಸುಮ್ಮನಿರುವ ಮೌನ ಅದು. ಅವಳಿಗೂ ನಾನು ಬೇಡವಾದೆ ಎಂದುಕೊಂಡರು.

"ಅಣ್ಣ ಹೇಳಿದ ಹಾಗೇ ಮಾಡಿ ಮೇಡಂ" ಎಂದರು. ಕೈ ಹಿಡಿದು ಎಲ್ಲಿ ತೋರಿಸಿದರೋ ಅಲ್ಲಿ ಸಹಿ ಹಾಕಿದರು. ಪಾಸ್‌ಬುಕ್ಕು ಅಣ್ಣನ ಚೀಲ ಸೇರಿತು.

ಅಣ್ಣ ಮುಂದೆ ನಡೆದು ಆಟೋ ಹುಡುಕುತ್ತಿದ್ದರು. ಬ್ಯಾಂಕಿನ ಮೆಟ್ಟಿಲ ಬಳಿ ಹೆಂಡತಿ ಮಾಮನ ತೋಳು ಹಿಡಿದು ನಿಲ್ಲಿಸಿದರು.

"ಯಾಕ್ರೀ ಒಪ್ಕೊಂಡ್ರಿ?"

"ನೀನು ಮಾತಾಡ್ಲಿಲ್ವಲ್ಲ. ಅರ್ಥ ಆಯ್ತು ನನಗೆ."

"ಏನು ಅರ್ಥ ಆಯ್ತು? ಖಾತೆ ನೀವೇ ಇಟ್ಕೊಳ್ಳಿ, ಇನ್ನೊಂದ್ಸಲ ಕೂಡಿಸೋಣ ಅಂತ ಹೇಳೋಕೇ ಹೊರಟಿದ್ದೆ. ಅಳು ಬಂದು ಗಂಟಲು ಕಟ್ಟಿತ್ತು. ಒಂದು ಗಳಿಗೆ ಕಾಯಬಾರ್ದಿತ್ತಾ?"

ಆಟೋ ಬಂದು ನಿಂತಿತು. ಹತ್ತಿ ಎಂದು ಅಣ್ಣ ಕೂಗಿದರು. ಇಬ್ಬರೂ ಹತ್ತಿದರು.