ಬಾಗಿಲಲ್ಲಿ ಹಿಡಿದ ರೊಟ್ಟಿ

ಬಿಷ್ಕೆಕ್ ನಗರದಲ್ಲಿ ಬಸ್ಸು ಹತ್ತಿದವರೆಲ್ಲ ಬುರುಲ್‌ಳ ಕೈಗಳನ್ನು ನೋಡಿದ್ದರು, ಮುಖವನ್ನಲ್ಲ. ಬಸ್ಸಿನ ಬೆನ್ನ ಮೇಲೆ, ಬಜಾರಿನ ಎದುರಿನ ದೊಡ್ಡ ಗೋಡೆಯ ಮೇಲೆ, ಕೊನೆಗೆ ಟಿಶ್ಯೂ ಪೇಪರಿನ ಮೇಲೂ ಅದೇ ಎರಡು ಕೈ, ಕೈಯಲ್ಲಿ ಒಂದು ದುಂಡನೆಯ ತಂದೂರಿ ರೊಟ್ಟಿ. ಎಡ ಹೆಬ್ಬೆರಳಿನ ಮೇಲಿದ್ದ ಸುಟ್ಟ ಕಲೆಯನ್ನು ಅಳಿಸೋಣವೇ ಅಂತ ಫೋಟೋದವನು ಕೇಳಿದ್ದನಂತೆ, ಬೇಡ, ಅದೇ ಚೆನ್ನಾಗಿದೆ ಅಂದರಂತೆ ಹೋಟೆಲಿನ ಮಾಲೀಕರು. ಚಿತ್ರದ ಕೆಳಗೆ ದಪ್ಪ ಅಕ್ಷರದಲ್ಲಿ: ‘ಜಂಗಾಕ್. ನಮ್ಮ ಬಾಗಿಲಿಂದ ಯಾರೂ ರೊಟ್ಟಿ ಮುರಿಯದೆ ಹೋಗುವುದಿಲ್ಲ.’

ಈ ಮಾತು ಹುಟ್ಟಿದ್ದು ಒಬ್ಬನ ಹಲ್ಲುನೋವಿನಿಂದ. ಹನ್ನೊಂದು ವರ್ಷದ ಹಿಂದೆ, ಜಂಗಾಕ್ ಅಂದರೆ ಒಂದೇ ಒಂದು ಊಟದ ಮನೆ ಆಗಿದ್ದಾಗ, ಕೆನ್ನೆ ಊದಿಸಿಕೊಂಡ ಒಬ್ಬ ಒಳಗೆ ತಲೆ ಹಾಕಿ ಹಲ್ಲಿನ ಡಾಕ್ಟರ ಮನೆ ಯಾವ ಕಡೆ ಅಂತ ಕೇಳಿದ. ಬುರುಲ್ ದಾರಿ ಹೇಳಿದಳು, ಅವನು ತಿರುಗುವಷ್ಟರಲ್ಲಿ ರೊಟ್ಟಿ ಹಿಡಿದು ನಿಂತಳು. ಆ ಊರಿನ ಮನೆಗಳಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಬಂದವರು ಕೂರದೆ ಹೊರಟರೆ ಬಾಗಿಲಲ್ಲೇ ರೊಟ್ಟಿ ಹಿಡಿಯಬೇಕು, ಹೋಗುವವರು ಒಂದು ಚೂರಾದರೂ ಮುರಿದು ಬಾಯಿಗಿಟ್ಟುಕೊಳ್ಳಬೇಕು, ಬೇಡ ಅನ್ನುವ ಮಾತೇ ಇಲ್ಲ. ಆ ಮನುಷ್ಯ ಆ ನೋವಿನಲ್ಲೂ ಒಂದು ಚೂರು ಮುರಿದು ನಾಲಿಗೆಯ ಮೇಲಿಟ್ಟುಕೊಂಡು ಹೋದ. ಮರುವಾರ ಹಲ್ಲು ಕೀಳಿಸಿಕೊಂಡು, ಇಡೀ ಸಂಸಾರ ಕರೆದುಕೊಂಡು ಊಟಕ್ಕೆ ಬಂದ. ಮಾಲೀಕರು ಅದನ್ನು ನೋಡಿದರು. ಒಂದು ಮನೆ ಮೂರಾಯಿತು, ಮೂರು ಒಂಬತ್ತಾಯಿತು, ಬುರುಲ್‌ಳ ಅಭ್ಯಾಸ ಕಂಪನಿಯ ವಾಗ್ದಾನವಾಯಿತು.

ಬುರುಲ್ ಮಾತ್ರ ಅದೇ ಮೊದಲ ಮನೆಯ ಅದೇ ಬಾಗಿಲಲ್ಲಿ ನಿಂತಿದ್ದಳು. ವಯಸ್ಸು ಐವತ್ತನಾಲ್ಕು. ದಿನಕ್ಕೆ ಹತ್ತು ಗಂಟೆ ನಿಂತು ನಿಂತು ಮಂಡಿಗಳು ಹೋಗಿದ್ದವು. ಸಂಜೆ ಮನೆಯ ಮೂರು ಮಹಡಿ ಹತ್ತುವಾಗ ಪ್ರತಿ ಮಹಡಿಗೂ ನಿಂತು, ಪಕ್ಕದವರ ಬಾಗಿಲು ನೋಡುವವಳ ಹಾಗೆ ನಟಿಸುತ್ತಿದ್ದಳು.

ಆ ಚಳಿಗಾಲದಲ್ಲಿ ಹೆಡ್ ಆಫೀಸಿನಿಂದ ಅದಿನಾಯ್ ಬಂದಳು. ಇಪ್ಪತ್ತೇಳರ ಹುಡುಗಿ, ಸಿಬ್ಬಂದಿಗೆ ತರಬೇತಿ ಕೊಡುವ ವಿಭಾಗದ ಮುಖ್ಯಸ್ಥೆ. ಎರಡು ದಿನ ಮೂಲೆಯ ಮೇಜಿನಲ್ಲಿ ಕೂತು ಬುರುಲ್‌ಳನ್ನೇ ನೋಡಿದಳು, ಬರೆದಳು, ಚಹಾ ಕುಡಿದಳು, ಮತ್ತೆ ಬರೆದಳು.

“ಎಜೆ,” ಅಂದಳು ಮೂರನೆಯ ದಿನ. ಅಲ್ಲಿ ಎಲ್ಲರಿಗೂ ಬುರುಲ್ ಎಜೆಯೇ, ಅಂದರೆ ಅಕ್ಕ. “ಒಂಬತ್ತು ಕಡೆನೂ ಗೋಡೆ ಮೇಲೆ ನಿಮ್ಮ ಕೈ ಇದೆ. ಬಾಗಿಲಲ್ಲಿ ಮಾತ್ರ ಯಾರೂ ಇಲ್ಲ. ನಿನ್ನೆ ಏಳನೇ ಬ್ರ್ಯಾಂಚಿಗೆ ಹೋಗಿದ್ದೆ. ಬಾಗಿಲ ಹುಡುಗ ಫೋನಿಂದ ಕಣ್ಣೆತ್ತಲಿಲ್ಲ.”

“ಅವನ ಹೊಟ್ಟೆ ತುಂಬಿರ್ಲಿಲ್ವೇನೋ. ಹಸಿದವನ ಕೈಗೆ ರೊಟ್ಟಿ ಕೊಟ್ಟು ಹಂಚು ಅಂದ್ರೆ?”

ಅದಿನಾಯ್ ನಗಲಿಲ್ಲ, ಅದನ್ನೂ ಬರೆದುಕೊಂಡಳು. ಆಮೇಲೆ ಹೇಳಿದಳು: “ನೀವು ಬಂದು ಕಲಿಸಿ. ಒಂಬತ್ತು ಕಡೆಗೂ. ಕೂತ್ಕೊಂಡು ಮಾಡೋ ಕೆಲಸ. ಜೂನ್‌ನಿಂದ ನಿಮ್ಮ ಹೆಸರಲ್ಲಿ ಆರ್ಡರ್ ಮಾಡಿಸ್ತೀನಿ.”

ಕೂತುಕೊಂಡು! ಬುರುಲ್‌ಗೆ ಬೇರೇನೂ ಕೇಳಿಸಲಿಲ್ಲ. ಆ ಸಂಜೆ ಮೂರು ಮಹಡಿಯನ್ನೂ ಒಂದೇ ಉಸಿರಿಗೆ ಹತ್ತಿದಳು, ಮರುದಿನ ಅದಕ್ಕೆ ದಂಡ ಕಟ್ಟಿದಳು, ಆದರೂ ನಕ್ಕಳು.

ವಸಂತ ಪೂರ್ತಿ ಅವಳು ವಾರಕ್ಕೊಂದು ಬ್ರ್ಯಾಂಚಿಗೆ ಹೋಗಿ ತೋರಿಸಿದಳು. ಎರಡು ಕೈಯಲ್ಲಿ ಹಿಡಿಯಬೇಕು. ರೊಟ್ಟಿಯ ಮುಖ ಮೇಲಿರಬೇಕು, ಬೋರಲು ಇಡಬಾರದು. ಕತ್ತರಿಸಬಾರದು, ಮುರಿಯುವುದು ಅವರ ಪಾಲು. ಹುಡುಗರು ತಲೆಯಾಡಿಸಿದರು, ಆಮೇಲೆ ಒಬ್ಬ ಕೇಳಿಯೇಬಿಟ್ಟ: “ಎಜೆ, ಕೂತೋರಿಗೆ ಚಹಾ ತಡವಾದ್ರೆ ನಂಗೆ ಬೈತಾರೆ. ಬಾಗಿಲಲ್ಲಿ ಹೋಗೋರಿಗೆ ರೊಟ್ಟಿ ಕೊಡದಿದ್ರೆ ಯಾರು ಬೈತಾರೆ?”

ಆ ಪ್ರಶ್ನೆಯನ್ನು ಬುರುಲ್ ಅದಿನಾಯ್‌ಗೆ ಹಾಗೇ ಒಪ್ಪಿಸಿದಳು. ಅದಿನಾಯ್ ಪೆನ್ನು ಕೆಳಗಿಟ್ಟಳು. ತಿಂಗಳಿಗೊಮ್ಮೆ ಗಿರಾಕಿಯ ವೇಷದಲ್ಲಿ ಗುಟ್ಟಾಗಿ ಬಂದು ಅಂಕ ಹಾಕುವ ಒಬ್ಬ ಪರೀಕ್ಷಕನನ್ನು ಕಂಪನಿ ಇಟ್ಟಿತ್ತು. ಅವನು ಕೂರುತ್ತಿದ್ದ, ತರಿಸುತ್ತಿದ್ದ, ತಿನ್ನುತ್ತಿದ್ದ, ಎಷ್ಟು ನಿಮಿಷಕ್ಕೆ ಚಹಾ ಬಂತು ಅಂತ ಗುರುತು ಹಾಕುತ್ತಿದ್ದ. ಆದರೆ ವಾಗ್ದಾನ ಇದ್ದದ್ದು ಕೂರದೆ ಹೋಗುವವರಿಗೆ. ಅವರನ್ನು ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ.

“ಸರಿಯಾಗಿ ಹೇಳಿದ ಆ ಹುಡುಗ,” ಅಂದಳು ಅದಿನಾಯ್. “ಇದನ್ನ ಸರಿಮಾಡ್ತೀನಿ, ನೋಡ್ತಿರಿ.” ಹೇಗೆ ಅಂತ ಹೇಳಲಿಲ್ಲ. ಪರೀಕ್ಷೆಯ ವಿಷಯ ಬ್ರ್ಯಾಂಚಿನವರ ಕಿವಿಗೆ ಹಾಕುವ ಹಾಗಿರಲಿಲ್ಲ.

ಇತ್ತ ಮೊದಲ ಬ್ರ್ಯಾಂಚಿನ ಮ್ಯಾನೇಜರು ತಾಲಾಯ್‌ಗೆ ಬೇರೆಯದೇ ಕಾಗದ ಬಂದಿತ್ತು, ಹೆಡ್ ಆಫೀಸಿನ ಇನ್ನೊಂದು ಕೋಣೆಯಿಂದ. ಒಂಬತ್ತರಲ್ಲಿ ನಿಮ್ಮ ಅಡುಗೆಮನೆಯ ಖರ್ಚೇ ಹೆಚ್ಚು, ಅದರಲ್ಲೂ ರೊಟ್ಟಿ. ಜೂನ್ ಒಳಗೆ ಇಳಿಸದಿದ್ದರೆ ಬೋನಸ್ಸಿನ ಆಸೆ ಬಿಡಿ. ತಾಲಾಯ್ ಕೆಟ್ಟವನಲ್ಲ. ಬುರುಲ್‌ಗೆ ಮಂಡಿಯ ಮುಲಾಮು ತಂದುಕೊಟ್ಟವನೇ ಅವನು. ಆದರೆ ಮೂವತ್ತೈದರ ಗಂಡಸು, ಮನೆ ಸಾಲದ ಕಂತು, ಮನೆಯಲ್ಲಿ ಮೂವರು ಮಕ್ಕಳು. ಒಂದು ಬೆಳಿಗ್ಗೆ ಬಾಗಿಲ ಬಳಿಯಿದ್ದ ರೊಟ್ಟಿಯ ಬುಟ್ಟಿಯನ್ನು ತಾನೇ ಎತ್ತಿ ಒಳಗಿಟ್ಟ.

“ಎಜೆ, ಇವತ್ತಿಂದ ಆರ್ಡರ್ ಕೊಟ್ಟೋರಿಗೆ ಮಾತ್ರ.”

“ದಾರಿ ಕೇಳೋಕೆ ಬಂದೋರಿಗೆ?”

“ದಾರಿ ಹೇಳಿ.”

“ಗೋಡೆ ಮೇಲೆ ಏನು ಬರ್ದಿದೆ ಓದಿದ್ಯಾ, ತಮ್ಮಾ?”

“ಗೋಡೆ ನನ್ನ ಸಂಬಳ ಕೊಡಲ್ಲ, ಎಜೆ. ಒಂದು ತಿಂಗಳು. ಜೂನ್ ಬಂದ್ಮೇಲೆ ನೀವೇ ಮೇಲೆ ಕೂತಿರ್ತೀರಿ, ಬುಟ್ಟಿ ವಾಪಸ್ ಇಡ್ಸಿ, ನಾನೇ ಹೊತ್ಕೊಂಡ್ ಬರ್ತೀನಿ.”

ಬುರುಲ್ ಒಪ್ಪಿಕೊಂಡಳು, ಅಷ್ಟೇ ಅವಳು ಮಾಡಿದ ತಪ್ಪು. ಒಂದು ತಿಂಗಳು ತಾನೇ ಅಂದುಕೊಂಡಳು. ಅದಿನಾಯ್‌ಗೆ ಫೋನ್ ಮಾಡಿದರೆ ಮ್ಯಾನೇಜರ ಮೇಲೆ ಚಾಡಿ ಹೇಳಿದಂತಾದೀತು, ಕೂರುವ ಕೆಲಸ ಕೈಗೆ ಬರುವ ಹೊತ್ತಿನಲ್ಲಿ ಗಲಾಟೆ ಯಾಕೆ ಅಂತಲೂ ಅಂದುಕೊಂಡಳು. ಮೊದಲ ದಿನ ಹೋಗುವವರ ಕಣ್ಣು ತಪ್ಪಿಸಿದಳು. ಎರಡನೆಯ ವಾರ ಕಣ್ಣು ತಪ್ಪಿಸುವುದೂ ಬೇಕಾಗಲಿಲ್ಲ, ರೂಢಿಯಾಗಿತ್ತು. ಅವಳಿಗೆ ಭಯವಾದದ್ದು ಅದಕ್ಕೇ.

ಮೇ ಕೊನೆಯ ಶುಕ್ರವಾರ, ನಮಾಜ್ ಮುಗಿದ ಹೊತ್ತು, ಒಂದೂ ಮೇಜು ಖಾಲಿಯಿಲ್ಲ. ಮಳೆಗೆ ಟೋಪಿ ನೆನೆಸಿಕೊಂಡ ಒಬ್ಬ ಬಂದ.

“ಜಾಗ ಇದೆಯಾ?”

“ಅರ್ಧ ಗಂಟೆ ಆಗತ್ತೆ, ಬೈಕೆ.” ಬೈಕೆ ಅಂದರೆ ಅಣ್ಣ.

“ಹೋಗ್ಲಿ ಬಿಡಿ. ಅಂಚೆ ಕಚೇರಿ ಯಾವ ಕಡೆ?”

ಬುರುಲ್ ಹೇಳಿದಳು. ಅವನು ಥ್ಯಾಂಕ್ಸ್ ಅಂದ, ಆದರೆ ಹೋಗಲಿಲ್ಲ, ಟೋಪಿ ಕೊಡವುತ್ತ ಒಂದು ಗಳಿಗೆ ನಿಂತ. ಕೈಗಳು ತಾವಾಗಿಯೇ ಮೇಲೆದ್ದದ್ದು ಬುರುಲ್‌ಗೆ ಗೊತ್ತಾಯಿತು. ಖಾಲಿ ಕೈಗಳು. ಒದ್ದೆ ಕೈ ಒರೆಸಿಕೊಳ್ಳುವವಳ ಹಾಗೆ ಅವನ್ನು ಏಪ್ರನ್ನಿಗೆ ಒರೆಸಿಕೊಂಡಳು. ಅವನು ಹೊರಟುಹೋದ.

ಅವನು ಅಂಚೆ ಕಚೇರಿಗೆ ಹೋಗಲಿಲ್ಲ. ಮೂಲೆ ತಿರುಗಿ, ಫೋನು ತೆಗೆದು, ಹೊಸದಾಗಿ ಸೇರಿಸಿದ್ದ ಪ್ರಶ್ನೆಯ ಎದುರು ಸೊನ್ನೆ ಹಾಕಿದ: ‘ಕೂರದೆ ಹೋದವರಿಗೆ ಬಾಗಿಲಲ್ಲಿ ರೊಟ್ಟಿ ಹಿಡಿದರೇ?’ ಆ ಪ್ರಶ್ನೆಯನ್ನು ಸೇರಿಸಲು ಅದಿನಾಯ್ ಎರಡು ತಿಂಗಳು ಹೆಡ್ ಆಫೀಸಿನಲ್ಲಿ ಜಗಳವಾಡಿದ್ದಳು. ಎಂಟು ಕಡೆ ಸೊನ್ನೆ ಬರುತ್ತದೆ, ಒಂದು ಕಡೆ ಪೂರ್ತಿ ಅಂಕ ಬರುತ್ತದೆ, ಆಗ ಬುರುಲ್ ಎಜೆ ಯಾಕೆ ಬೇಕು ಅಂತ ಯಾರೂ ಕೇಳುವುದಿಲ್ಲ: ಇದು ಅವಳ ಲೆಕ್ಕ.

ಒಂಬತ್ತು ಕಡೆಯೂ ಸೊನ್ನೆ ಬಂತು.

ಸೋಮವಾರ ಹೆಡ್ ಆಫೀಸಿನ ಗಾಜಿನ ಕೋಣೆಯಲ್ಲಿ ಅದಿನಾಯ್, ತಾಲಾಯ್, ಬುರುಲ್ ಮೂವರೂ ಕೂತರು. ಕುರ್ಚಿ ಮೆತ್ತಗಿತ್ತು. ಗೋಡೆಯ ಮೇಲೆ ಬುರುಲ್‌ಳದೇ ಕೈಗಳು.

“ನೀವೇ ಯಾಕೆ, ಎಜೆ?” ಅದಿನಾಯ್‌ಳ ದನಿ ಬಿದ್ದುಹೋಗಿತ್ತು. “ಬೇರೆ ಯಾರು ಮಾಡಿದ್ರೂ ನಂಗೆ ಇಷ್ಟು ಆಗ್ತಿರ್ಲಿಲ್ಲ.”

ಬುರುಲ್ ತಾಲಾಯ್ ಕಡೆ ನೋಡಿದಳು. ಅವನು ಮೇಜಿನ ಅಂಚನ್ನು ನೋಡುತ್ತಿದ್ದ. ಅವಳು ಕಾದಳು. ಮುಲಾಮು ತಂದುಕೊಟ್ಟವನು, ಹೇಳಿಯಾನು ಅಂತ.

“ಬುಟ್ಟಿ ಒಳಗಿತ್ತು,” ಅಂದಳು ಕೊನೆಗೆ.

“ಯಾರು ಇಟ್ಟಿದ್ದು?”

“ತಾಲಾಯ್ ಹೇಳ್ಲಿ.”

“ನಾನು ಖರ್ಚು ನೋಡ್ಕೊಳ್ಳಿ ಅಂದೆ,” ಅಂದ ತಾಲಾಯ್, ಮೇಜಿನ ಅಂಚಿಗೇ. “ಮೇಲಿನ ಕಾಗದ ಹಾಗಿತ್ತು. ಬಾಗಿಲಲ್ಲಿ ಕೊಡ್ಬೇಡಿ ಅಂತ ನಾನೇನಾದ್ರೂ ಬರ್ದುಕೊಟ್ಟಿದ್ದೀನಾ, ಎಜೆ?”

ಬರೆದುಕೊಟ್ಟಿರಲಿಲ್ಲ. ಒಂದೇ ಆಫೀಸಿನ ಒಂದು ಕೋಣೆ ರೊಟ್ಟಿ ಕೊಡು ಅಂತ ಅಂಕ ಇಟ್ಟಿತ್ತು, ಇನ್ನೊಂದು ಕೋಣೆ ಕೊಡಬೇಡ ಅಂತ ಬೋನಸ್ಸು ಇಟ್ಟಿತ್ತು. ಎರಡೂ ಕೋಣೆ ಸೇರುವ ಜಾಗ ಅಂದರೆ ಬುರುಲ್ ನಿಂತ ಬಾಗಿಲು. ಅದಿನಾಯ್‌ಗೆ ಅದು ಆ ಕ್ಷಣವೇ ಅರ್ಥವಾಯಿತು, ಮುಖದಲ್ಲಿ ಕಾಣುತ್ತಿತ್ತು. ಆದರೆ ಅಂಕದ ಪಟ್ಟಿ ಆಗಲೇ ಮಾಲೀಕರ ಮೇಜು ಸೇರಿತ್ತು. ಸೊನ್ನೆ ತೆಗೆದುಕೊಂಡವಳನ್ನು ಕಲಿಸುವವಳು ಅಂತ ನೇಮಿಸಲು ಅಲ್ಲಿ ಯಾರೂ ಸಹಿ ಹಾಕುವ ಹಾಗಿರಲಿಲ್ಲ.

“ಮುಂದಿನ ವರ್ಷ ಮತ್ತೆ ಕೇಳ್ತೀನಿ, ಎಜೆ.”

“ಮಂಡಿಯನ್ನ ಕೇಳು, ಮಗಳೇ. ಅದು ಒಪ್ಪಿದ್ರೆ ನಂದೇನೂ ಅಡ್ಡಿ ಇಲ್ಲ.”

ಜೂನ್ ಪೂರ್ತಿ ನಿಂತಳು. ಜುಲೈಯಲ್ಲಿ ಒಂದು ಬೆಳಿಗ್ಗೆ ಎಡಗಾಲು ಊರಲಾಗಲಿಲ್ಲ, ಕೆಲಸ ಬಿಡುತ್ತೇನೆ ಅಂತ ಹೇಳಿಕಳಿಸಿದಳು. ಕೊನೆಯ ಸಲ ಏಪ್ರನ್ ಒಪ್ಪಿಸಲು ಬಂದಾಗ ಬಾಗಿಲಲ್ಲಿ ಮೀರಿಮ್ ಎಂಬ ಹೊಸ ಹುಡುಗಿ ಇದ್ದಳು. ಹೆಡ್ ಆಫೀಸು ಅಷ್ಟರಲ್ಲಿ ಎರಡೂ ಕೋಣೆಯನ್ನು ಒಪ್ಪಿಸುವ ದಾರಿ ಕಂಡುಹಿಡಿದಿತ್ತು: ರೊಟ್ಟಿಯನ್ನು ಚಾಕುವಿನಿಂದ ಬೆರಳ ತುದಿಯಷ್ಟಗಲದ ಚೌಕಗಳಾಗಿ ಕತ್ತರಿಸಿ, ಒಂದೊಂದಕ್ಕೆ ಒಂದೊಂದು ಹಲ್ಲುಕಡ್ಡಿ ಚುಚ್ಚಿ, ತಟ್ಟೆಯಲ್ಲಿ ಸಾಲಾಗಿ ಜೋಡಿಸುವುದು. ಖರ್ಚೂ ಇಳಿಯಿತು, ಅಂಕವೂ ಪೂರ್ತಿ ಬಂತು. ತಾಲಾಯ್‌ಗೆ ಬೋನಸ್ಸು ಸಿಕ್ಕಿತು.

ತಾಲಾಯ್ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಬುರುಲ್ ಏಪ್ರನ್ನನ್ನು ಮಡಿಸಿ ಗಲ್ಲಾದ ಮೇಲಿಟ್ಟು ಬಾಗಿಲ ಕಡೆ ನಡೆದಳು. ಕೂರದೆ ಹೋಗುತ್ತಿರುವ ಹೆಂಗಸನ್ನು ಕಂಡು ಮೀರಿಮ್ ನೆಟ್ಟಗಾದಳು. ಅವಳ ತಲೆಯ ಹಿಂದೆ, ಗೋಡೆಯ ಮೇಲೆ, ಸುಟ್ಟ ಕಲೆಯ ಕೈಗಳು.

“ನಮ್ಮ ಬಾಗಿಲಿಂದ ಯಾರೂ ರೊಟ್ಟಿ ಮುರಿಯದೆ ಹೋಗುವುದಿಲ್ಲ,” ಅಂತ ಒಂದೇ ರಾಗದಲ್ಲಿ ಒಪ್ಪಿಸಿ, ಒಂದು ಕೈಯಲ್ಲಿ ತಟ್ಟೆ ಮುಂದೆ ಮಾಡಿದಳು. ಕಣ್ಣು ಆಗಲೇ ಮುಂದೆ ಬರುತ್ತಿದ್ದವರ ಮೇಲಿತ್ತು.

ಮುರಿಯಲು ಅಲ್ಲಿ ಏನೂ ಇರಲಿಲ್ಲ. ಆದರೆ ಹಿಡಿದ ರೊಟ್ಟಿಯನ್ನು ಬೇಡ ಅನ್ನುವ ಹಾಗಿಲ್ಲ. ಬುರುಲ್ ಒಂದು ಕಡ್ಡಿ ತೆಗೆದುಕೊಂಡಳು, ಚೌಕವನ್ನು ಬಾಯಿಗಿಟ್ಟುಕೊಂಡಳು. ನಿನ್ನೆಯ ರೊಟ್ಟಿ. ಕಡ್ಡಿಯನ್ನು ಎಲ್ಲಿ ಬಿಸಾಡಬೇಕು ಅಂತ ಸುತ್ತ ನೋಡಿದಳು, ಅದಕ್ಕೆ ಜಾಗ ಮಾಡಿರಲಿಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡೇ ಮೆಟ್ಟಿಲು ಇಳಿದಳು, ಒಂದೊಂದಾಗಿ, ಗೋಡೆ ಹಿಡಿದು.