ಗೋಡೆಯ ಮೇಲಿನ ಎರಡು ಸಾಲು

ಲಕ್ಕವಳ್ಳಿಯ ಅಣೆಕಟ್ಟಿಗೆ ಬಂಡೆ ಸಿಡಿಸಿ ಕಿವಿ ಕಳೆದುಕೊಂಡ ಹನ್ನೊಂದು ಜನ ಅಲ್ಲಿನ ನಿವೇಶನ ಸಂಘದ ಸದಸ್ಯರಾಗಿದ್ದರು. ಸಭೆಯಲ್ಲಿ ಆಡುವ ಮಾತನ್ನು ಆಗಿಂದಾಗಲೇ ಪಾರದರ್ಶಕ ಹಾಳೆಯ ಮೇಲೆ ಬರೆದು, ಪ್ರೊಜೆಕ್ಟರಿನಿಂದ ಗೋಡೆಗೆ ಬಿಟ್ಟು ಅವರಿಗೆ ತೋರಿಸುವ ಕೆಲಸ ತರೀಕೆರೆಯ ಟೈಪಿಂಗ್ ಶಿಕ್ಷಕಿ ದಾಕ್ಷಾಯಣಮ್ಮನವರದು.

೧೯೮೪ರ ಸಭೆಯಲ್ಲಿ ಅವರು ಒಂದು ಪದವನ್ನೂ ಬಿಡದೆ ಬರೆದರು. ನಾಲಿಗೆಯ ಓಟಕ್ಕೆ ಕೈ ಎಲ್ಲಿ ಸಮ? ಗೋಡೆಯ ಮೇಲೆ ಇನ್ನೂ ಸ್ವಾಗತ ಭಾಷಣವೇ ಇದ್ದಾಗ, ಕಿವುಡರ ಸೈಟುಗಳನ್ನು ಕೆರೆಯಂಗಳಕ್ಕೆ ತಳ್ಳುವ ಠರಾವನ್ನು ಅಧ್ಯಕ್ಷ ತೀರ್ಥಪ್ಪ ಪಾಸು ಮಾಡಿಬಿಟ್ಟ. ಆ ಹನ್ನೊಂದು ಜನರಲ್ಲೊಬ್ಬನಾದ ಮುದ್ದಪ್ಪ ಅದನ್ನು ಓದಿಕೊಂಡು ಕೈ ಎತ್ತುವ ಹೊತ್ತಿಗೆ ಎಲ್ಲರೂ ಕಾಫಿ ಕುಡಿಯುತ್ತಿದ್ದರು. ಎತ್ತಿದ ಕೈ ನೋಡಿ ನಕ್ಕರು.

ಮರುವರ್ಷ, ಆ ಸೈಟುಗಳ ರಸ್ತೆಯನ್ನೂ ಕೈಬಿಡುವ ಠರಾವು ಬಂತು. ತೀರ್ಥಪ್ಪ ಬೇಕೆಂದೇ ಬಡಬಡ ಮಾತಾಡಿದ. ಹೊಗಳಿಕೆ, ವಂದನೆ, ಹಳೆಯ ಕಥೆ ಮುಗಿಯುವವರೆಗೆ ದಾಕ್ಷಾಯಣಮ್ಮ ಪೆನ್ನು ಕೆಳಗಿಟ್ಟು ಬರೀ ಕೇಳಿದರು. ಠರಾವು ಬಂದ ಕೂಡಲೇ ಗೀಚಿದರು: "ನಿಮ್ಮ ಮೂವತ್ತು ಅಡಿ ರಸ್ತೆ ಕೈಬಿಡುವ ಠರಾವು. ಒಪ್ಪದವರು ಈಗ ಕೈ ಎತ್ತಬೇಕು." ಅವಸರದಲ್ಲಿ ಅಳತೆ ತಪ್ಪಿತ್ತು, ಎಲ್ಲರ ಕಣ್ಣೆದುರೇ ಮೂವತ್ತನ್ನು ಹೊಡೆದುಹಾಕಿ ಇಪ್ಪತ್ತು ಮಾಡಿದರು. ಅಷ್ಟರಲ್ಲಿ ಹನ್ನೊಂದು ಕೈಗಳು ಮೇಲಿದ್ದವು. ಅವುಗಳನ್ನು ಕಂಡು ಇನ್ನೂ ಹಲವರು ಕೈ ಎತ್ತಿದರು. ಠರಾವು ಬಿತ್ತು.

ತೀರ್ಥಪ್ಪ ಕೆರಳಿದ. "ಏನಮ್ಮಾ, ಅರ್ಧ ಗಂಟೆ ಮಾತಾಡಿದೀನಿ. ಬರ್ದಿರೋದು ಎರಡು ಸಾಲು, ಅದ್ರಲ್ಲೂ ತಪ್ಪು."

"ತಪ್ಪು ತಿದ್ದಿದೀನಿ ಕಣ್ರೀ," ಎಂದರು ದಾಕ್ಷಾಯಣಮ್ಮ. "ಹೋದ್ವರ್ಷ ಒಂದು ತಪ್ಪೂ ಇಲ್ದಂಗೆ ಬರ್ದು ಇವರ ಸೈಟು ಕಳೆದೆ. ಅದನ್ನ ಹೆಂಗೆ ತಿದ್ಲಿ?"